ಬೆಳಗಿನ ಐದಕ್ಕೆ ಅಳಿದ 300 ಜಿಬಿ

2017ರ ಫೆಬ್ರುವರಿ 1, ಬುಧವಾರ. ಭಾರತದಲ್ಲಿ ಕುಳಿತು ಗಿಟ್‌ಲ್ಯಾಬ್ ಡಾಟ್ ಕಾಮ್ ಬಳಸುತ್ತಿದ್ದ ಪ್ರೋಗ್ರಾಮರುಗಳ ಪಾಲಿಗೆ ಅಂದಿನ ಕೆಲಸ ಶುರುವಾಗುವ ಮೊದಲೇ ಕೈತಪ್ಪಿತ್ತು. ಬೆಳಗಿನ ಸುಮಾರು ಐದಕ್ಕೆ ನಿಂತ ಸೇವೆ ಮತ್ತೆ ಎದ್ದದ್ದು ರಾತ್ರಿ ಹನ್ನೊಂದೂವರೆಯ ಹೊತ್ತಿಗೆ. ಬರೆದ ಕೋಡನ್ನು ಇಟ್ಟುಕೊಳ್ಳಲು, ಅದರಲ್ಲಿನ ದೋಷಗಳನ್ನು ದಾಖಲಿಸಲು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಟಿಪ್ಪಣಿ ಹಾಕಲು ಬಳಕೆಯಾಗುವ ತಾಣ ಅದು. ಅದರ ಮುಖ್ಯ ಡೇಟಾಬೇಸಿನ ಕಡತಗಳನ್ನು ಕಂಪನಿಯ ಒಬ್ಬ ಎಂಜಿನಿಯರ್ ಕಣ್ತಪ್ಪಿನಿಂದ ಅಳಿಸಿಬಿಟ್ಟಿದ್ದರು.

ಫೆಬ್ರುವರಿ 10ರಂದು ಕಂಪನಿ ಇಡೀ ಘಟನೆಯ ವರದಿಯನ್ನು ಎಲ್ಲರೂ ಓದುವಂತೆ ಪ್ರಕಟಿಸಿತು. ಸಾಫ್ಟ್‌ವೇರ್ ವಲಯದಲ್ಲಿ ಇಂಥ ವರದಿಗೆ ಪೋಸ್ಟ್‌ಮಾರ್ಟಮ್ ಎನ್ನುತ್ತಾರೆ. ಅದನ್ನು ಬರೆಯುವವರು ಎಂಜಿನಿಯರುಗಳು. ಓದಬೇಕಾದವರಲ್ಲಿ ಅರ್ಧಕ್ಕರ್ಧ ಜನ ಎಂಜಿನಿಯರುಗಳಲ್ಲ. ಫೋನಿನಲ್ಲಿ ಗ್ರಾಹಕರಿಗೆ ಉತ್ತರ ಕೊಡುವವರು, ನಷ್ಟದ ಲೆಕ್ಕ ಹಾಕುವವರು, ಆಡಳಿತ ಮಂಡಳಿಯಲ್ಲಿ ಕೂರುವವರು, ಸುದ್ದಿ ಬರೆಯುವವರು ಎಲ್ಲರಿಗೂ ಬೇಕಾದ್ದು ಒಂದು ಪುಟ. ಯಾವಾಗ ಏನಾಯಿತು, ಏಕಾಯಿತು, ಯಾರಿಗೆ ಏನು ನಷ್ಟ, ಇನ್ನು ಮುಂದೆ ಏನು ಮಾಡುತ್ತಾರೆ ಎಂಬ ನಾಲ್ಕು ಮಾತು.

ಆ ಒಂದು ಪುಟ ಬರೆಯುವುದು ಸುಲಭವೆಂದು ತೋರುತ್ತದೆ. ಗಿಟ್‌ಲ್ಯಾಬ್ ವರದಿಯನ್ನು ಮುಂದಿಟ್ಟುಕೊಂಡು ಕೂತರೆ ಎಲ್ಲಿ ಜಾರುತ್ತೇವೆ ಎಂಬುದು ಬೇಗ ಗೊತ್ತಾಗುತ್ತದೆ. "ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಕಡತ ಅಳಿಸಿದ್ದೇ ಮೂಲ ಕಾರಣ" ಎಂಬ ವಾಕ್ಯ ತಾನಾಗಿ ಬಂದು ಕೂರುತ್ತದೆ. ಅದು ನಡೆದ ಸಂಗತಿಯೇ ಹೌದು, ಆದರೆ ಕಾರಣದ ಅಂಕಣದಲ್ಲಿ ಅದಕ್ಕೆ ಜಾಗವಿಲ್ಲ. ಏಕೆಂದು ತಿಳಿಯಲು ಮೊದಲು ಆ ರಾತ್ರಿಗೆ ಹೋಗಬೇಕು.

ಎರಡು ಸರ್ವರ್, ಒಂದು ಕಿಟಕಿ

ಗಿಟ್‌ಲ್ಯಾಬ್‌ನ ಡೇಟಾಬೇಸ್ ಎರಡು ಸರ್ವರುಗಳಲ್ಲಿತ್ತು. db1 ಮುಖ್ಯ, db2 ಅದರ ನಕಲು. ಅಂಗಡಿಯ ಗಲ್ಲಾದಲ್ಲಿ ಒಬ್ಬರು ಕಿರ್ದಿ ಬರೆಯುತ್ತಿರುತ್ತಾರೆ, ಒಳಗಿನ ಕೋಣೆಯಲ್ಲಿ ಇನ್ನೊಬ್ಬರು ಅದೇ ನಮೂದುಗಳನ್ನು ಚೀಟಿಗಳಿಂದ ನೋಡಿ ಎರಡನೆಯ ಪುಸ್ತಕಕ್ಕೆ ಇಳಿಸುತ್ತಿರುತ್ತಾರೆ ಎಂದುಕೊಳ್ಳಿ. ಗಲ್ಲಾದವರು ಚೀಟಿಗಳನ್ನು ಎಲ್ಲ ಕಾಲಕ್ಕೂ ಇಟ್ಟುಕೊಳ್ಳುವುದಿಲ್ಲ, ಸ್ವಲ್ಪ ಹೊತ್ತಾದ ಮೇಲೆ ಹರಿದು ಹಾಕುತ್ತಾರೆ. ಒಳಗಿನವರು ತೀರಾ ಹಿಂದೆ ಬಿದ್ದರೆ ಬೇಕಾದ ಚೀಟಿಯೇ ಇರುವುದಿಲ್ಲ. ಆಗ ಎರಡನೆಯ ಪುಸ್ತಕ ಎಸೆದು ಮೊದಲಿನಿಂದ ನಕಲು ಮಾಡಬೇಕು.

ಜನವರಿ 31ರ ರಾತ್ರಿ ಆದದ್ದು ಇದೇ. ಯುಟಿಸಿ, ಅಂದರೆ ಅಂತರರಾಷ್ಟ್ರೀಯ ಪ್ರಮಾಣ ಸಮಯ 19:00ರ ಸುಮಾರಿಗೆ db1 ಮೇಲೆ ಒತ್ತಡ ಏರತೊಡಗಿತು. ಸ್ಪ್ಯಾಮ್ ಹಾಕುವವರ ಕಾಟ ಎಂದು ತಂಡ ಊಹಿಸಿತು. ಒತ್ತಡದ ಒಂದು ಪಾಲು ಬೇರೆ ಕಡೆಯಿಂದ ಬಂದಿತ್ತೆಂದು ಆಮೇಲೆ ತಿಳಿಯಿತು. ಕಂಪನಿಯ ಉದ್ಯೋಗಿಯೊಬ್ಬರ ಖಾತೆಯ ಮೇಲೆ ಯಾರೋ ಕಿಡಿಗೇಡಿ ದೂರು ಹಾಕಿದ್ದ. ದೂರುಗಳನ್ನು ಪರಿಶೀಲಿಸುವ ಪರದೆಯಲ್ಲಿ ವಿವರಗಳು ಸುಲಭವಾಗಿ ಕಣ್ತಪ್ಪುವಂತಿದ್ದವು, ಹಾಗಾಗಿ ಆ ಖಾತೆ ಅಳಿಸುವ ಸಾಲಿಗೆ ಸೇರಿಬಿಟ್ಟಿತು. ಆ ಖಾತೆಯ ಜೊತೆಗಿದ್ದ ಎಲ್ಲ ದಾಖಲೆಗಳನ್ನೂ ಹುಡುಕಿ ತೆಗೆಯುವ ಕೆಲಸ ಹಿನ್ನೆಲೆಯಲ್ಲಿ ನಡೆಯುತ್ತಿತ್ತು.

23:00ರ ಹೊತ್ತಿಗೆ db2 ಹಿಂದೆ ಬಿದ್ದು ನಕಲು ನಿಂತಿತು. ಬೇಕಾಗಿದ್ದ ಚೀಟಿಗಳನ್ನು db1 ಆಗಲೇ ತೆಗೆದುಹಾಕಿತ್ತು, ಅವನ್ನು ಬೇರೆಡೆ ಕೂಡಿಡುವ ಏರ್ಪಾಡೂ ಇರಲಿಲ್ಲ. ದಿನದ ಕೆಲಸ ಮುಗಿಸಿ ಏಳುವುದರಲ್ಲಿದ್ದ ಎಂಜಿನಿಯರ್ ಮತ್ತೆ ಕುಳಿತರು. db2ದ ಡೇಟಾ ಫೋಲ್ಡರನ್ನು ಖಾಲಿ ಮಾಡಿ, `pg_basebackup` ಎಂಬ ಸಲಕರಣೆಯಿಂದ ಹೊಸ ನಕಲು ಶುರು ಮಾಡಿದರು. ಅದು ಸುಮ್ಮನೆ ನಿಂತಿತು. ಮತ್ತೆ ಮಾಡಿದರೆ ಸಂಪರ್ಕಗಳ ಮಿತಿಯ ಬಗ್ಗೆ ದೂರಿತು; ಮಿತಿ ಏರಿಸಿ, ಇನ್ನೊಂದು ಸೆಟ್ಟಿಂಗ್ ಇಳಿಸಿ, db1ನ್ನು ಮರುಚಾಲನೆ ಮಾಡಿದರು. ಸಲಕರಣೆ ಮತ್ತೆ ಸುಮ್ಮನಾಯಿತು. ಮುಖ್ಯ ಸರ್ವರ್ ಡೇಟಾ ಕಳಿಸಲು ಶುರು ಮಾಡುವವರೆಗೆ ಆ ಸಲಕರಣೆ ಒಂದು ಮಾತೂ ಆಡದೆ ಕಾಯುತ್ತದೆ. ಅದು ಅದರ ಸಹಜ ನಡವಳಿಕೆ. ಆದರೆ ಆ ರಾತ್ರಿ ಅಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ, ಕಂಪನಿಯ ಕೈಪಿಡಿಯಲ್ಲೂ ಇರಲಿಲ್ಲ, ಸಲಕರಣೆಯ ಅಧಿಕೃತ ದಾಖಲೆಯಲ್ಲೂ ಸ್ಪಷ್ಟವಾಗಿರಲಿಲ್ಲ.

ಹಿಂದಿನ ಪ್ರಯತ್ನಗಳಲ್ಲಿ db2ದ ಫೋಲ್ಡರಿನಲ್ಲಿ ಏನೋ ಚೂರುಪಾರು ಉಳಿದಿರಬೇಕು, ಅದಕ್ಕೇ ಸಲಕರಣೆ ಮುನಿಸಿಕೊಂಡಿದೆ ಎಂದು ಎಂಜಿನಿಯರ್ ಊಹಿಸಿದರು. ಫೋಲ್ಡರನ್ನೇ ಅಳಿಸೋಣ ಎಂದು ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡು ಕಳೆದ ಮೇಲೆ ಕಣ್ಣಿಗೆ ಬಿದ್ದದ್ದು: ತಾವಿರುವುದು `db2.cluster.gitlab.com`ನಲ್ಲಿ ಅಲ್ಲ, `db1.cluster.gitlab.com`ನಲ್ಲಿ. ಎರಡೂ ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ, ಎರಡೂ ಒಂದೇ ಬಗೆಯ ಕಪ್ಪು ಕಿಟಕಿ. ಆಜ್ಞೆಯನ್ನು ತಡೆದರು. ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಉಳಿದದ್ದು ನಾಲ್ಕೂವರೆ ಜಿಬಿ. ನಕಲಿನ ಪುಸ್ತಕವನ್ನಂತೂ ತಾವೇ ಮೊದಲು ಖಾಲಿ ಮಾಡಿದ್ದರು.

ಕಾಲರೇಖೆಯಲ್ಲಿ ಬಿಡಬೇಕಾದ್ದು

ಮೂಲ ವರದಿಯ ಕಾಲರೇಖೆ ಯುಟಿಸಿಯಲ್ಲಿದೆ. ಬೇರೆ ಬೇರೆ ದೇಶಗಳಲ್ಲಿ ಕೆಲಸ ಮಾಡುವ ತಂಡಕ್ಕೆ ಅದು ಸರಿ. ಆದರೆ ಬೆಂಗಳೂರಿನ ಕಚೇರಿಯ ಗ್ರಾಹಕ ವಿಭಾಗಕ್ಕೆ ಸಾರಾಂಶ ಬರೆಯುವವರು ಐದೂವರೆ ಗಂಟೆ ಕೂಡಿಸಿ ಭಾರತದ ಸಮಯ ಕೊಡಲೇಬೇಕು. ಯುಟಿಸಿ 23:30 ಎಂದು ಓದಿದವರು "ಓ, ರಾತ್ರಿ ಹೊತ್ತು, ಯಾರೂ ಇರಲಿಲ್ಲ" ಎಂದುಕೊಳ್ಳುತ್ತಾರೆ. ಭಾರತದ ಗ್ರಾಹಕರಿಗೆ ಅದು ಬೆಳಗಿನ ಐದು. ಮುಂದಿನ ಹದಿನೆಂಟು ಗಂಟೆಯಲ್ಲಿ ಅವರ ಇಡೀ ಕೆಲಸದ ದಿನ ಮುಳುಗಿದೆ. ದಿನಾಂಕವೂ ಬದಲಾಗುತ್ತದೆ. ಅಲ್ಲಿ ಜನವರಿ 31, ಇಲ್ಲಿ ಫೆಬ್ರುವರಿ 1.

ಇನ್ನೊಂದು ಎಚ್ಚರ. ಘಟನೆ ನಡೆಯುತ್ತಿದ್ದಾಗಲೇ ತಂಡ ಬರೆದಿಟ್ಟ ಟಿಪ್ಪಣಿಗಳಲ್ಲಿ ಆಜ್ಞೆ ತಡೆದ ಸಮಯ 23:27 ಎಂದಿದೆ. ಆಮೇಲಿನ ವರದಿಯಲ್ಲಿ ಸುಮಾರು 23:30. ಒಂದು ಕಡೆ 310 ಜಿಬಿ, ಇನ್ನೊಂದು ಕಡೆ 300. ಸಾರಾಂಶದಲ್ಲಿ ಇವುಗಳಲ್ಲಿ ಒಂದನ್ನು ಆರಿಸಿ ನಿಖರವೆಂಬಂತೆ ಬರೆಯುವುದಕ್ಕಿಂತ "ಸುಮಾರು" ಎಂಬ ಪದವನ್ನು ಉಳಿಸಿಕೊಳ್ಳುವುದು ಪ್ರಾಮಾಣಿಕ. ಮೂರು ನಿಮಿಷದಿಂದ ಯಾರ ತೀರ್ಮಾನವೂ ಬದಲಾಗದು.

ಹಾಗಾದರೆ ಯಾವ ಸಮಯದಿಂದ ತೀರ್ಮಾನ ಬದಲಾಗುತ್ತದೆ? ಯಾರೂ ಗಮನಿಸದ ಒಂದು ಸಾಲಿದೆ: 17:20. ಅನಾಹುತಕ್ಕೆ ಆರು ಗಂಟೆ ಮೊದಲು, ಅದಕ್ಕೆ ಯಾವ ಸಂಬಂಧವೂ ಇಲ್ಲದ ಕೆಲಸಕ್ಕಾಗಿ, ಎಂಜಿನಿಯರೊಬ್ಬರು ಡೇಟಾಬೇಸಿನ ಒಂದು ಸ್ನ್ಯಾಪ್‌ಶಾಟ್ ತೆಗೆದು ಪರೀಕ್ಷಾ ಸರ್ವರಿಗೆ ಹಾಕಿದ್ದರು. ಮಾಮೂಲಿನಂತೆ ಅದು ದಿನಕ್ಕೊಮ್ಮೆ ತಾನಾಗಿ ಆಗುವ ಕೆಲಸ. ಅಂದು ಕೈಯಾರೆ ಮಾಡಿದ್ದು ಕಾಕತಾಳೀಯ. ಕೊನೆಗೆ ಇಡೀ ತಾಣ ಎದ್ದು ನಿಂತದ್ದು ಆ ಪ್ರತಿಯಿಂದ. ಕಾಲರೇಖೆ ಅಲ್ಲಿಂದಲೇ ಶುರುವಾಗಬೇಕು, ಏಕೆಂದರೆ ಕಳೆದುಹೋದ ಮಾಹಿತಿಯ ಗಡಿ ಅದೇ. ಸಂಪರ್ಕ ಮಿತಿ ಏರಿಸಿದ್ದು, ಮರುಚಾಲನೆ ಮಾಡಿದ್ದು, ಸಲಕರಣೆ ಏನು ಮಾಡುತ್ತಿದೆಯೆಂದು ಒಳಹೊಕ್ಕು ನೋಡಿದ್ದು, ಇವೆಲ್ಲ ಎಂಜಿನಿಯರುಗಳಿಗೆ ಪಾಠವಾಗಬಹುದಾದ ವಿವರಗಳು. ಒಂದು ಪುಟದ ಓದುಗರಿಗೆ "ನಕಲನ್ನು ಸರಿಪಡಿಸುವ ಹಲವು ಪ್ರಯತ್ನಗಳು ವಿಫಲವಾದವು" ಎಂದರೆ ಸಾಕು.

ಕಾರಣಕ್ಕೆ ಎರಡು ಪ್ರಶ್ನೆ

ಗಿಟ್‌ಲ್ಯಾಬ್ ವರದಿಯ ಜಾಣತನ ಇರುವುದು ಇಲ್ಲಿ. ಅದು ಕಾರಣವನ್ನು ಒಂದೇ ಪ್ರಶ್ನೆಯಾಗಿ ಕೇಳಲಿಲ್ಲ. ತಾಣ ಏಕೆ ಬಿದ್ದಿತು ಎಂಬುದು ಒಂದು. ಎಬ್ಬಿಸಲು ಹದಿನೆಂಟು ಗಂಟೆ ಏಕೆ ಹಿಡಿಯಿತು ಎಂಬುದು ಇನ್ನೊಂದು. ಪ್ರತಿಯೊಂದಕ್ಕೂ "ಏಕೆ" ಎಂದು ಮತ್ತೆ ಮತ್ತೆ ಕೇಳುತ್ತ ಒಳಗೆ ಹೋಯಿತು.

ಮೊದಲನೆಯದರ ಸರಪಳಿ ನೇರ: ಒತ್ತಡ, ನಿಂತ ನಕಲು, ಗೊಂದಲದ ಸಲಕರಣೆ, ಒಂದೇ ರೀತಿ ಕಾಣುವ ಎರಡು ಕಿಟಕಿ, ಅಳಿಸಿದ ಆಜ್ಞೆ. ಎರಡನೆಯದು ಹೆಚ್ಚು ಕುತೂಹಲದ್ದು. ಕಡತ ಅಳಿಸುವುದು ಯಾವ ಕಂಪನಿಯಲ್ಲಾದರೂ ಆದೀತು. ಅದಕ್ಕೇ ಬ್ಯಾಕಪ್ ಎಂಬುದು ಇರುವುದು. ಹಾಗಿದ್ದರೆ ಬ್ಯಾಕಪ್ ಎಲ್ಲಿ ಹೋಯಿತು?

ದಿನಕ್ಕೊಮ್ಮೆ ಡೇಟಾಬೇಸಿನ ಪೂರ್ಣ ಪ್ರತಿ ತೆಗೆದು ಅಮೆಜಾನ್‌ನ ಎಸ್3 ಶೇಖರಣೆಗೆ ಕಳಿಸುವ ವ್ಯವಸ್ಥೆ ಗಿಟ್‌ಲ್ಯಾಬ್‌ನಲ್ಲಿತ್ತು. ಆ ರಾತ್ರಿ ಅಲ್ಲಿ ಹೋಗಿ ನೋಡಿದರೆ ಏನೂ ಇರಲಿಲ್ಲ. ಪ್ರತಿ ತೆಗೆಯುವ `pg_dump` ಎಂಬ ಸಲಕರಣೆಯ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದಬೇಕು. ಡೇಟಾಬೇಸ್ 9.6 ಆಗಿತ್ತು, ಸಲಕರಣೆ 9.2. ಯಾವ ಆವೃತ್ತಿ ಬಳಸಬೇಕೆಂದು ಗಿಟ್‌ಲ್ಯಾಬ್‌ನ ಪ್ಯಾಕೇಜು ತಾನೇ ತೀರ್ಮಾನಿಸುತ್ತಿತ್ತು. ಅದಕ್ಕಾಗಿ ಅದು ನೋಡುತ್ತಿದ್ದದ್ದು ಆ ಯಂತ್ರದ ಡೇಟಾ ಫೋಲ್ಡರಿನಲ್ಲಿರುವ ಒಂದು ಸಣ್ಣ ಕಡತವನ್ನು. ಬ್ಯಾಕಪ್ ಓಡುತ್ತಿದ್ದದ್ದು ಡೇಟಾಬೇಸ್ ಇಲ್ಲದ ಬೇರೆ ಯಂತ್ರದಲ್ಲಿ; ಅಲ್ಲಿ ಆ ಕಡತವೇ ಇಲ್ಲ. ಹಾಗಾಗಿ ಪೂರ್ವನಿಯೋಜಿತವಾದ 9.2ನ್ನು ಆರಿಸಿಕೊಂಡು, ಹೊಂದುವುದಿಲ್ಲ ಎಂದು ದೋಷ ತೋರಿಸಿ, ಪ್ರತಿ ತೆಗೆಯದೆ ನಿಂತುಬಿಡುತ್ತಿತ್ತು.

ದೋಷ ಬಂದರೆ ಇಮೇಲ್ ಹೋಗುವ ಏರ್ಪಾಡಿತ್ತು, ಇಮೇಲ್ ಹೋಗುತ್ತಲೂ ಇತ್ತು. ಆದರೆ ಕಳಿಸಿದವರು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಡಿಮಾರ್ಕ್ ಎಂಬ ನಿಯಮಕ್ಕೆ ತಕ್ಕಂತೆ ಆ ತಾನಾಗಿ ಹೊರಡುವ ಇಮೇಲುಗಳನ್ನು ಸಿದ್ಧಪಡಿಸಿರಲಿಲ್ಲ. ಸ್ವೀಕರಿಸುವ ಸರ್ವರ್ ಅವನ್ನು ಬಾಗಿಲಲ್ಲೇ ತಿರಸ್ಕರಿಸುತ್ತಿತ್ತು. ಬ್ಯಾಕಪ್ ಆಗುತ್ತಿಲ್ಲ ಎಂದು ಯಂತ್ರ ಹೇಳುತ್ತಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ. ನನ್ನ ಮಟ್ಟಿಗೆ ಇಡೀ ವರದಿಯಲ್ಲಿ ಎರಡು ಸಲ ಓದಬೇಕಾದ ಭಾಗ ಇದು. ಕೈ ತಪ್ಪಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆ ಎಂಜಿನಿಯರ್ ಆ ರಾತ್ರಿ ಎದ್ದು ಹೋಗಿ ಮಲಗಿದ್ದರೂ ಎಸ್3 ಖಾಲಿಯೇ ಇರುತ್ತಿತ್ತು.

ಉಳಿದ ದಾರಿಗಳೂ ಒಂದೊಂದಾಗಿ ಮುಚ್ಚಿದವು. ಸರ್ವರುಗಳಿದ್ದದ್ದು ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡಿನಲ್ಲಿ. ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆಯುವ ಸೌಲಭ್ಯವನ್ನು ಕೋಡ್ ಇಟ್ಟ ಸರ್ವರುಗಳಿಗೆ ಹಾಕಿದ್ದರು, ಡೇಟಾಬೇಸ್ ಸರ್ವರುಗಳಿಗೆ ಹಾಕಿರಲಿಲ್ಲ. ಬೇರೆ ಬ್ಯಾಕಪ್‌ಗಳಿವೆಯಲ್ಲ, ಸಾಕು ಎಂದುಕೊಂಡಿದ್ದರು. ಕಂಪನಿಯೇ ಆ ರಾತ್ರಿಯ ಟಿಪ್ಪಣಿಗಳಲ್ಲಿ ಒಪ್ಪಿಕೊಂಡಂತೆ, ಬ್ಯಾಕಪ್ ಮತ್ತು ನಕಲಿನ ಐದು ವಿಧಾನಗಳಲ್ಲಿ ಒಂದೂ ನೆಚ್ಚುವಂತೆ ಕೆಲಸ ಮಾಡುತ್ತಿರಲಿಲ್ಲ ಅಥವಾ ಮೊದಲಿಗೇ ಹಾಕಿರಲಿಲ್ಲ.

ಉಳಿದದ್ದು ಪರೀಕ್ಷಾ ಸರ್ವರಿನಲ್ಲಿದ್ದ 17:20ರ ಪ್ರತಿ. ಅದು ಅಗ್ಗದ, ನಿಧಾನ ಡಿಸ್ಕುಗಳ ಮೇಲಿತ್ತು. ದತ್ತಾಂಶ ಹೊರಬರುತ್ತಿದ್ದ ವೇಗ ಸೆಕೆಂಡಿಗೆ ಸುಮಾರು 60 ಮೆಗಾಬಿಟ್. ಮನೆಯ ಬ್ರಾಡ್‌ಬ್ಯಾಂಡಿನ ವೇಗ ಅದು. ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಬಹುದು. 300 ಗಿಗಾಬೈಟ್ ಎಂದರೆ ಎಂಟರಿಂದ ಗುಣಿಸಿ 2,400 ಗಿಗಾಬಿಟ್, ಅಂದರೆ 24 ಲಕ್ಷ ಮೆಗಾಬಿಟ್. ಅರವತ್ತರಿಂದ ಭಾಗಿಸಿದರೆ 40,000 ಸೆಕೆಂಡು. ಎಲ್ಲೂ ತಡೆಯಿಲ್ಲದೆ ಪೂರ್ಣ ವೇಗದಲ್ಲಿ ಹರಿದರೂ ಹನ್ನೊಂದು ಗಂಟೆ. ಸಾರಾಂಶ ಓದಿದ ನಿರ್ದೇಶಕರೊಬ್ಬರು "ಇಷ್ಟು ಜನ ಎಂಜಿನಿಯರುಗಳಿದ್ದೂ ಹದಿನೆಂಟು ಗಂಟೆಯೇ?" ಎಂದು ಕೇಳಿದರೆ ಕೊಡಬೇಕಾದ ಉತ್ತರ ಈ ಭಾಗಾಕಾರ. ಅಲ್ಲಿ ನೂರು ಜನರಿದ್ದರೂ ಡಿಸ್ಕು ಬೇಗ ಓದುತ್ತಿರಲಿಲ್ಲ.

"ಏಕೆ"ಗಳ ಕೊನೆಯಲ್ಲಿ ವರದಿ ತಲುಪುವ ಪ್ರಶ್ನೆ: ಬ್ಯಾಕಪ್‌ನಿಂದ ಮರಳಿ ಎಬ್ಬಿಸಲು ಬರುತ್ತದೆಯೇ ಎಂದು ನಿಯಮಿತವಾಗಿ ಏಕೆ ಪರೀಕ್ಷಿಸಲಿಲ್ಲ? ಉತ್ತರ ಸರಳ ಮತ್ತು ಮುಜುಗರದ್ದು. ಅದು ಯಾರ ಹೊಣೆಯೂ ಆಗಿರಲಿಲ್ಲ. ಸಾರಾಂಶದ ಕಾರಣದ ಅಂಕಣಕ್ಕೆ ಬರಬೇಕಾದದ್ದು ಈ ವಾಕ್ಯ. ಎಂಜಿನಿಯರಿನ ಆಜ್ಞೆಗೆ ಕಾಲರೇಖೆಯಲ್ಲಿ ಒಂದು ಸಾಲು ಇದೆ, ಅಷ್ಟು ಸಾಕು. ಇದನ್ನು ಎಂಜಿನಿಯರ್ ಮೇಲಿನ ಕರುಣೆಯಿಂದ ಹೇಳುತ್ತಿಲ್ಲ. "ಮಾನವ ದೋಷ" ಎಂದು ಬರೆದ ಕ್ಷಣ ಪರಿಹಾರದ ಅಂಕಣದಲ್ಲಿ ಬರೆಯಲು "ಇನ್ನು ಮುಂದೆ ಜಾಗರೂಕರಾಗಿರಬೇಕು" ಎಂಬುದರ ಹೊರತು ಏನೂ ಉಳಿಯುವುದಿಲ್ಲ. ಪರಿಹಾರ ಹೊಳೆಯದಂತೆ ಮಾಡುವ ಕಾರಣ ಇನ್ನೂ ಮೂಲಕ್ಕೆ ಹೋಗಿಲ್ಲವೆಂದೇ ಅರ್ಥ.

ಹದಿನೆಂಟು ಗಂಟೆಯೋ ಆರು ಗಂಟೆಯೋ

ಪರಿಣಾಮದ ಅಂಕಣದಲ್ಲಿ ಎರಡು ಸಂಖ್ಯೆಗಳು ಒಂದರೊಳಗೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಸೇವೆ ಇಲ್ಲದೆ ಹೋದದ್ದು ಸುಮಾರು ಹದಿನೆಂಟು ಗಂಟೆ. ಮಾಹಿತಿ ಶಾಶ್ವತವಾಗಿ ಹೋದದ್ದು ಸುಮಾರು ಆರೂ ಮುಕ್ಕಾಲು ಗಂಟೆಯದ್ದು, ಯುಟಿಸಿ 17:20ರಿಂದ ಮಧ್ಯರಾತ್ರಿಯವರೆಗೆ. ಮೊದಲನೆಯದು ಎಲ್ಲರಿಗೂ ತಟ್ಟಿತು, ಕಾದರೆ ಮುಗಿಯಿತು. ಎರಡನೆಯದು ತಟ್ಟಿದ್ದು ಆ ಅವಧಿಯಲ್ಲಿ ಏನಾದರೂ ಬರೆದವರಿಗೆ ಮಾತ್ರ, ಆದರೆ ಅದು ಮರಳಿ ಬರುವುದಿಲ್ಲ. ಗ್ರಾಹಕ ವಿಭಾಗದವರಿಗೆ ಈ ಎರಡೂ ಬೇರೆ ಬೇರೆ ಕರೆಗಳು, ಬೇರೆ ಬೇರೆ ಉತ್ತರಗಳು. "ಹದಿನೆಂಟು ಗಂಟೆಯ ಮಾಹಿತಿ ನಾಶ" ಎಂದು ಬರೆದರೆ ಅನಾವಶ್ಯಕ ಭಯ. "ಹದಿನೆಂಟು ಗಂಟೆ ಅಡಚಣೆ" ಎಂದಷ್ಟೇ ಬರೆದರೆ ಮುಚ್ಚಿಟ್ಟಂತೆ.

ಕಂಪನಿಯ ಅಂದಾಜಿನಂತೆ ಸುಮಾರು 5,000 ಪ್ರಾಜೆಕ್ಟುಗಳು, 5,000 ಟಿಪ್ಪಣಿಗಳು, 700 ಹೊಸ ಬಳಕೆದಾರರ ಖಾತೆಗಳು ಇದಕ್ಕೆ ಸಿಕ್ಕಿದವು. ಏನಾಗಲಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಪ್ರೋಗ್ರಾಮರುಗಳ ಮೊದಲ ಪ್ರಶ್ನೆ ಅದೇ: ಕೋಡ್ ಇದೆಯೇ? ಕೋಡ್ ಭಂಡಾರಗಳೂ ವಿಕಿಗಳೂ ಬೇರೆ ಸರ್ವರುಗಳಲ್ಲಿದ್ದವು. ತಾಣ ಬಿದ್ದಷ್ಟು ಹೊತ್ತು ಅವು ಸಿಗಲಿಲ್ಲ, ಆದರೆ ನಾಶವಾಗಲಿಲ್ಲ. ಗಿಟ್‌ಲ್ಯಾಬ್ ಸಾಫ್ಟ್‌ವೇರನ್ನು ತಮ್ಮದೇ ಸರ್ವರಿನಲ್ಲಿ ಹಾಕಿಕೊಂಡಿದ್ದ ಕಂಪನಿಗಳಿಗೆ ಯಾವ ತೊಂದರೆಯೂ ಇಲ್ಲ. ಪರೀಕ್ಷಾ ಪ್ರತಿಯಲ್ಲಿ ವೆಬ್‌ಹುಕ್‌ಗಳು, ಅಂದರೆ ಒಂದು ವ್ಯವಸ್ಥೆ ಇನ್ನೊಂದಕ್ಕೆ ತಾನಾಗಿ ಸುದ್ದಿ ಮುಟ್ಟಿಸುವ ಜೋಡಣೆಗಳು ಇರಲಿಲ್ಲ. ಪರೀಕ್ಷೆಯ ಯಂತ್ರ ಅಪ್ಪಿತಪ್ಪಿ ನಿಜವಾದ ಗ್ರಾಹಕರಿಗೆ ಸಂದೇಶ ಕಳಿಸದಿರಲೆಂದು ಅವನ್ನು ತೆಗೆಯುವುದು ವಾಡಿಕೆ. ಹಾಗಾಗಿ ಫೆಬ್ರುವರಿ 1ರ ಯುಟಿಸಿ 17:00ಕ್ಕೆ ಡೇಟಾಬೇಸ್ ಸಿದ್ಧವಾದರೂ ಅವನ್ನು ಮರಳಿ ಕೂಡಿಸಿ, ಎಲ್ಲ ಸರಿಯಿದೆಯೆಂದು ನೋಡಿ ಬಾಗಿಲು ತೆರೆದದ್ದು 18:00ಕ್ಕೆ.

ತೆರೆಯುವ ಮೊದಲು ಮಾಡಿದ ಒಂದು ಕೆಲಸವನ್ನು ನಾನು ಸಾರಾಂಶಕ್ಕೆ ಸೇರಿಸುವುದಿಲ್ಲ, ಆದರೆ ಇಲ್ಲಿ ಹೇಳದಿರಲಾರೆ. ಡೇಟಾಬೇಸಿನಲ್ಲಿ ಪ್ರತಿ ಟಿಪ್ಪಣಿಗೂ ಪ್ರಾಜೆಕ್ಟಿಗೂ ಏರುತ್ತ ಹೋಗುವ ಕ್ರಮಸಂಖ್ಯೆ ಇರುತ್ತದೆ. ಕಳೆದುಹೋದ ಗಂಟೆಗಳಲ್ಲಿ ಕೊಟ್ಟಿದ್ದ ಸಂಖ್ಯೆಗಳು ಆಗಲೇ ಯಾರದೋ ಇಮೇಲಿನಲ್ಲಿ, ಯಾರದೋ ಲಿಂಕಿನಲ್ಲಿ ಹೊರಗೆ ಹೋಗಿಬಿಟ್ಟಿವೆ. ಹಳೆಯ ಪ್ರತಿಯಿಂದ ಮತ್ತೆ ಎಣಿಕೆ ಶುರು ಮಾಡಿದರೆ ಅದೇ ಸಂಖ್ಯೆ ಬೇರೊಬ್ಬರ ಬೇರೊಂದು ಟಿಪ್ಪಣಿಗೆ ಬೀಳುತ್ತದೆ. ಅದಕ್ಕಾಗಿ ಎಲ್ಲ ಎಣಿಕೆಗಳನ್ನೂ ಒಂದು ಲಕ್ಷದಷ್ಟು ಮುಂದಕ್ಕೆ ಜಿಗಿಸಿದರು. ಹದಿನೇಳು ಗಂಟೆ ದಣಿದ ಮೇಲೂ ಇದು ಹೊಳೆದದ್ದು ದೊಡ್ಡದು.

ಪರಿಹಾರ ಎಂಬುದು ಯಾವಾಗ ಪರಿಹಾರ

ಗಿಟ್‌ಲ್ಯಾಬ್ ಹತ್ತಾರು ಕ್ರಮಗಳನ್ನು ಪಟ್ಟಿ ಮಾಡಿತು. ಪ್ರತಿಯೊಂದಕ್ಕೂ ತನ್ನದೇ ಸಾರ್ವಜನಿಕ ಕಾರ್ಯಪಟ್ಟಿಯಲ್ಲಿ ಒಂದೊಂದು ಸಂಖ್ಯೆಯ ನಮೂದು ತೆರೆಯಿತು. ಒಂದು ಪುಟದವರಿಗೆ ಪೂರಾ ಪಟ್ಟಿ ಬೇಡ. ಯಾವ ಕ್ರಮ ಯಾವ ಕಾರಣಕ್ಕೆ ಉತ್ತರ ಎಂದು ಜೋಡಿಸಿ ಕೊಟ್ಟರೆ ಸಾಕು. ಜೋಡಿಸುತ್ತಿದ್ದಂತೆ ಅವುಗಳ ತೂಕವೂ ಕಾಣತೊಡಗುತ್ತದೆ.

ಆಜ್ಞೆ ಬರೆಯುವ ಕಿಟಕಿಯಲ್ಲಿ ಯಾವ ಸರ್ವರ್ ಎಂಬುದು ಎದ್ದು ಕಾಣುವಂತೆ ಮಾಡುವುದು ಒಂದು ಕ್ರಮ. ಒಳ್ಳೆಯದೇ, ಅಗ್ಗವೂ ಹೌದು. ಆದರೆ ನಿದ್ದೆಗಣ್ಣಿನವರು ಅದನ್ನೂ ನೋಡದೆ ಹೋಗಬಲ್ಲರು. ದಿನಕ್ಕೊಮ್ಮೆಯ ಸ್ನ್ಯಾಪ್‌ಶಾಟನ್ನು ಗಂಟೆಗೊಮ್ಮೆ ಮಾಡುವುದು ಇದಕ್ಕಿಂತ ಗಟ್ಟಿ. ಮುಂದಿನ ಸಲ ಯಾರ ಕೈ ತಪ್ಪಿದರೂ ನಷ್ಟ ಆರೇಳು ಗಂಟೆಯಿಂದ ಒಂದು ಗಂಟೆಗೆ ಇಳಿಯುತ್ತದೆ. ಬ್ಯಾಕಪ್ ಆಗದಿದ್ದರೆ ಬಾರದ ಇಮೇಲನ್ನು ನಂಬಿ ಕೂರದೆ ನಿಗಾ ವ್ಯವಸ್ಥೆಯೇ ನೋಡಿ ಎಚ್ಚರಿಸುವಂತೆ ಮಾಡುವುದು ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾದದ್ದು, ಬ್ಯಾಕಪ್‌ನಿಂದ ಡೇಟಾಬೇಸನ್ನು ನಿಜವಾಗಿ ಎಬ್ಬಿಸಿ ನೋಡುವ ಪರೀಕ್ಷೆಯನ್ನು ಯಂತ್ರಕ್ಕೆ ಒಪ್ಪಿಸುವುದು ಮತ್ತು ಮಾಹಿತಿ ಕಾಯುವ ಹೊಣೆಗೆ ಒಬ್ಬರನ್ನು ನೇಮಿಸುವುದು. 9.2 ಮತ್ತು 9.6ರ ಗೊಂದಲ ಇಂಥ ಪರೀಕ್ಷೆ ಮೊದಲ ಸಲ ಓಡಿದ ದಿನವೇ ಸಿಕ್ಕಿಬೀಳುತ್ತಿತ್ತು.

ಯಾವ ವರದಿಯಲ್ಲೇ ಆಗಲಿ, "ಸುಧಾರಿಸಲಾಗುವುದು", "ಬಲಪಡಿಸಲಾಗುವುದು" ಎಂಬ ಕ್ರಿಯಾಪದಗಳು ಕಂಡರೆ ಸಾರಾಂಶಕ್ಕೆ ತರುವ ಮೊದಲು ಎಂಜಿನಿಯರನ್ನು ಹಿಡಿದು ಕೇಳಬೇಕು: ಯಾರು, ಎಷ್ಟರೊಳಗೆ, ಮುಗಿದದ್ದು ನಮಗೆ ಹೇಗೆ ಗೊತ್ತಾಗುತ್ತದೆ? ಉತ್ತರ ಬಾರದಿದ್ದರೆ ಅದನ್ನು ಕ್ರಮವೆಂದು ಬರೆಯಬೇಡಿ. ಉದ್ದೇಶವೆಂದು ಬರೆಯಿರಿ.

ಇಷ್ಟಾದ ಮೇಲೆ ಆ ಒಂದು ಪುಟ ಹೀಗಿರಬಹುದು. ಸಮಯಗಳೆಲ್ಲ ಭಾರತದವು.

> ಏನಾಯಿತು: ಜನವರಿ 31ರ ರಾತ್ರಿ 10:50ಕ್ಕೆ ಬೇರೊಂದು ಕೆಲಸಕ್ಕಾಗಿ ಡೇಟಾಬೇಸಿನ ಪ್ರತಿಯೊಂದನ್ನು ತೆಗೆಯಲಾಗಿತ್ತು. ಫೆಬ್ರುವರಿ 1ರ ನಸುಕಿನ 12:30ರಿಂದ ಡೇಟಾಬೇಸ್ ಮೇಲೆ ಒತ್ತಡ ಹೆಚ್ಚಿತು; 4:30ರ ಹೊತ್ತಿಗೆ ಅದರ ನಕಲು ಸರ್ವರ್ ಹಿಂದೆ ಬಿದ್ದು ನಿಂತಿತು. ನಕಲನ್ನು ಸರಿಪಡಿಸುವಾಗ, ಸುಮಾರು 5 ಗಂಟೆಗೆ, ಮುಖ್ಯ ಸರ್ವರಿನ ಕಡತಗಳು ತಪ್ಪಾಗಿ ಅಳಿಸಿಹೋದವು. ರಾತ್ರಿ 10:50ರ ಪ್ರತಿಯಿಂದ ಡೇಟಾಬೇಸನ್ನು ಮರಳಿ ಕಟ್ಟಲಾಯಿತು. ರಾತ್ರಿ ಸುಮಾರು 11:30ಕ್ಕೆ ಸೇವೆ ಮರಳಿತು.
>
> ಏಕೆ: ಮುಖ್ಯ ಸರ್ವರ್ ಮತ್ತು ನಕಲು ಸರ್ವರ್ ಪರದೆಯ ಮೇಲೆ ಒಂದೇ ರೀತಿ ಕಾಣುತ್ತಿದ್ದವು, ನಕಲನ್ನು ಸರಿಪಡಿಸುವ ಲಿಖಿತ ವಿಧಾನ ಸಾಲದಾಗಿತ್ತು. ದೈನಂದಿನ ಬ್ಯಾಕಪ್ ಆಗುತ್ತಿರಲಿಲ್ಲ, ಆ ಎಚ್ಚರಿಕೆಯ ಇಮೇಲುಗಳು ತಲುಪುತ್ತಿರಲಿಲ್ಲ. ಬ್ಯಾಕಪ್‌ನಿಂದ ಮರಳಿ ಎಬ್ಬಿಸಿ ನೋಡುವುದು ಯಾರ ಹೊಣೆಯೂ ಆಗಿರಲಿಲ್ಲ.
>
> ಯಾರಿಗೆ ಏನು: ಎಲ್ಲ ಬಳಕೆದಾರರಿಗೆ ಸುಮಾರು 18 ಗಂಟೆ ಸೇವೆ ಸಿಗಲಿಲ್ಲ. ಜನವರಿ 31ರ ರಾತ್ರಿ 10:50ರಿಂದ ಫೆಬ್ರುವರಿ 1ರ ಬೆಳಗಿನ 5:30ರ ನಡುವೆ ಡೇಟಾಬೇಸಿಗೆ ಸೇರಿದ ಮಾಹಿತಿ ಮರಳಿ ಬರುವುದಿಲ್ಲ: ಅಂದಾಜು 5,000 ಪ್ರಾಜೆಕ್ಟು, 5,000 ಟಿಪ್ಪಣಿ, 700 ಹೊಸ ಖಾತೆ. ಕೋಡ್ ಮತ್ತು ವಿಕಿ ನಾಶವಾಗಿಲ್ಲ. ಸ್ವಂತ ಸರ್ವರಿನಲ್ಲಿ ಗಿಟ್‌ಲ್ಯಾಬ್ ಬಳಸುವವರಿಗೆ ತೊಂದರೆಯಿಲ್ಲ.
>
> ಇನ್ನು ಮುಂದೆ: ಗಂಟೆಗೊಮ್ಮೆ ಡೇಟಾಬೇಸಿನ ಸ್ನ್ಯಾಪ್‌ಶಾಟ್. ಬ್ಯಾಕಪ್ ಮೇಲೆ ನಿಗಾ. ಬ್ಯಾಕಪ್‌ನಿಂದ ಮರಳಿ ಎಬ್ಬಿಸುವ ಸ್ವಯಂಚಾಲಿತ ಪರೀಕ್ಷೆ. ಮಾಹಿತಿಯ ಸುರಕ್ಷತೆಗೆ ಒಬ್ಬ ಹೊಣೆಗಾರರು. ಸರ್ವರುಗಳನ್ನು ಪರದೆಯಲ್ಲಿ ಬೇರೆಯಾಗಿ ತೋರಿಸುವ ವ್ಯವಸ್ಥೆ.

ಇದರಲ್ಲಿ ಎಲ್ಲೂ ಎಂಜಿನಿಯರಿನ ಹೆಸರಿಲ್ಲ. ಮೂಲ ವರದಿಯಲ್ಲೂ ಇಲ್ಲ. ಮುಖ್ಯ ಸರ್ವರಿನ ಕಡತಗಳು "ಅಳಿಸಿಹೋದವು" ಎಂದು ಕರ್ತೃವನ್ನು ಬಿಟ್ಟು ಬರೆದದ್ದಕ್ಕೆ ಆಕ್ಷೇಪ ಬರಬಹುದು. "ತಪ್ಪಾಗಿ" ಎಂಬ ಪದ ಇರುವವರೆಗೆ ಸಂಗತಿ ಮುಚ್ಚಿಹೋಗಿಲ್ಲ. ಅದನ್ನೂ ತೆಗೆದು "ತಾಂತ್ರಿಕ ಅಡಚಣೆ ಉಂಟಾಯಿತು" ಎಂದು ಬರೆದರೆ ಅದು ಸುಳ್ಳಿನ ಪಕ್ಕದ ಮನೆ. ಬರೆದಾದ ಮೇಲೆ ಪುಟವನ್ನು ಆ ರಾತ್ರಿ ಇದ್ದ ಎಂಜಿನಿಯರೊಬ್ಬರ ಕೈಗೆ ಕೊಟ್ಟು "ಇದರಲ್ಲಿ ಯಾವ ವಾಕ್ಯ ತಪ್ಪು?" ಎಂದು ಕೇಳಬೇಕು. "ಚೆನ್ನಾಗಿದೆಯೇ?" ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ.

ಗಿಟ್‌ಲ್ಯಾಬ್ ಪ್ರಕರಣದಲ್ಲಿ ಈ ನಾಲ್ಕು ಅಂಕಣಗಳಿಗೆ ಒಗ್ಗದ ಒಂದು ಸಂಗತಿಯೂ ಇದೆ. ದುರಸ್ತಿ ನಡೆಯುತ್ತಿದ್ದಾಗ ಕಂಪನಿ ತನ್ನ ಕೆಲಸದ ಟಿಪ್ಪಣಿಗಳನ್ನು ಎಲ್ಲರಿಗೂ ತೆರೆದಿಟ್ಟಿತು, ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ಒಂದು ಹಂತದಲ್ಲಿ ಸುಮಾರು 5,000 ಜನ ಕಡತಗಳು ನಕಲಾಗುವುದನ್ನು ಕೂತು ನೋಡಿದರು. ಈ ಬಯಲುತನಕ್ಕೆ ಬಂದ ಮೆಚ್ಚುಗೆಯನ್ನು ಪರಿಣಾಮದ ಅಂಕಣದಲ್ಲಿ ಒಳ್ಳೆಯ ಸುದ್ದಿಯಾಗಿ ಸೇರಿಸುವ ಆಸೆ ಪ್ರಚಾರ ವಿಭಾಗದವರಿಗೆ ಸಹಜವಾಗಿ ಬರುತ್ತದೆ. ಸೇರಿಸಬಾರದು. ಆ ಅಂಕಣ ಓದುವ ಗ್ರಾಹಕರು ಹುಡುಕುತ್ತಿರುವುದು ಜನವರಿ 31ರ ರಾತ್ರಿ ತಾವು ಬರೆದ ಟಿಪ್ಪಣಿ ಇದೆಯೋ ಇಲ್ಲವೋ ಎಂಬುದನ್ನು.